ಶಾರ್ಟ್ ಫಿಲ್ಮ್‌ಗೆ ದುಡ್ಡು ಕೇಳುವಾಗ ಮೊದಲ ಪ್ಯಾರಾ ಬರೆದದ್ದು ಹೀಗೆ

ಹದಿನೆಂಟು ನಿಮಿಷದ ಸ್ಕ್ರಿಪ್ಟ್ ಬರೆಯೋಕೆ ನನಗೆ ಎರಡು ವಾರ ಸಾಕಾಯ್ತು. ಕ್ರೌಡ್‌ಫಂಡಿಂಗ್ ಪೇಜಿನ ಮೊದಲ ಪ್ಯಾರಾಕ್ಕೆ ಮೂರು ವಾರ ಹಿಡಿಯಿತು. ಬೆಂಗಳೂರಿನ ವಿಜಯನಗರದ ರೂಮಿನಲ್ಲಿ ಕೂತು ಬರೆದ ಮೊದಲ ಡ್ರಾಫ್ಟ್ ಹೀಗಿತ್ತು:

“ಪುಸ್ತಕಗಳು ಜ್ಞಾನದ ದೀಪಗಳು. ಇಂದಿನ ಮೊಬೈಲ್ ಯುಗದಲ್ಲಿ ಹಳ್ಳಿಯ ಗ್ರಂಥಾಲಯಗಳು ಕಣ್ಮರೆಯಾಗುತ್ತಿವೆ. ಅಂಥ ಒಂದು ಗ್ರಂಥಾಲಯದ ಕಥೆ ಹೇಳುವ ನಮ್ಮ ಪ್ರಯತ್ನಕ್ಕೆ ಕೈಜೋಡಿಸಿ.”

ಬರೆದಾಗ ಚೆನ್ನಾಗೇ ಇದೆ ಅನ್ನಿಸಿತ್ತು. ಲಿಂಕನ್ನು ಗೆಳೆಯನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅವನ ಫೋನಿನಲ್ಲಿ ಕಂಡದ್ದು ಶುರುವಿನ ಒಂದೂವರೆ ಸಾಲು ಮಾತ್ರ, ಅಂದರೆ ಜ್ಞಾನದ ದೀಪ ಮತ್ತು ಮೊಬೈಲ್ ಯುಗ. ಸಿನಿಮಾ ಅನ್ನೋ ಮಾತೇ ಅಲ್ಲಿರಲಿಲ್ಲ. ಪೇಜ್ ತೆರೆದರೂ ಫೋನಿನಲ್ಲಿ ಮೊದಲ ಪ್ಯಾರಾ ಆದಮೇಲೆ ‘ಇನ್ನಷ್ಟು ಓದಿ’ ಬರುತ್ತೆ, ಅದನ್ನು ಒತ್ತುವವರು ಕಡಿಮೆ. ಹಾಗಾಗಿ ಏನು ಸಿನಿಮಾ, ಯಾರು ಮಾಡ್ತಿದ್ದಾರೆ, ಎಷ್ಟು ದುಡ್ಡು, ಯಾತಕ್ಕೆ, ಇಷ್ಟೂ ಆ ಪ್ಯಾರಾದೊಳಗೇ ಬರಬೇಕು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ನಾವು ಶೂಟ್ ಮಾಡುವುದು ಗುಬ್ಬಿ ತಾಲ್ಲೂಕಿನ ನಮ್ಮಜ್ಜಿ ಊರಿನ ಪಂಚಾಯಿತಿ ಲೈಬ್ರರಿಯಲ್ಲಿ. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಿದೆ, ಊರವರಿಗೆ ಮಾತ್ರ ಅದು ಇನ್ನೂ ಲೈಬ್ರರಿಯೇ. ಡ್ರಾಫ್ಟನ್ನು ಅಲ್ಲಿನ ಮೇಲ್ವಿಚಾರಕಿ ಅಕ್ಕನಿಗೆ ಓದಿ ಹೇಳಿದೆ. “ಕಣ್ಮರೆ ಅಂತ ಯಾಕಪ್ಪ ಬರೆದೆ? ನಾನು ದಿನಾ ಬಾಗಿಲು ತೆಗೀತೀನಲ್ಲ” ಅಂದರು. ನನಗೆ ನಿಜಕ್ಕೂ ನಾಚಿಕೆಯಾಯ್ತು. ಅಯ್ಯೋ ಪಾಪ ಅನ್ನಿಸಿದರೆ ಜನ ದುಡ್ಡು ಕೊಡ್ತಾರೆ ಅಂತ, ನಡೀತಿರೋ ಲೈಬ್ರರಿಯನ್ನು ನಾನು ಮುಚ್ಚಿಬಿಟ್ಟಿದ್ದೆ! ಯಾರ ಬಗ್ಗೆ ಬರೀತೀವೋ ಅವರ ಮುಂದೆ ಕೂತು ಜೋರಾಗಿ ಓದೋಕೆ ಆಗದ ಸಾಲು ಪೇಜಿನಲ್ಲಿ ಇರಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಹಾಗಾದ್ರೆ ಶುರು ಎಲ್ಲಿಂದ? ಸ್ಕ್ರಿಪ್ಟಿನಲ್ಲೇ ಇತ್ತು. ಆ ಲೈಬ್ರರಿಯ ಬಾಗಿಲ ಹತ್ತಿರದ ಮೇಜಿನ ಮೇಲೆ ಹಾಜರಿ ಪುಸ್ತಕ ಇದೆ, ಪೆನ್ನಿಗೆ ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ದಾರೆ. ಬಂದವರೆಲ್ಲ ಸಹಿ ಹಾಕಬೇಕು. ನಮ್ಮ ಕಥೆಯ ಹುಡುಗಿ ಅಲ್ಲಿ ದಿನಾ ಎರಡು ಹೆಸರು ಬರೀತಾಳೆ. ಅದನ್ನೇ ಮೊದಲ ಸಾಲಿಗೆ ತಂದೆ.

ಆಮೇಲೆ ದುಡ್ಡಿನ ಮಾತು. ‘ನಿಮ್ಮ ಕೈಲಾದಷ್ಟು’ ಅಂತ ಬರೆಯೋದು ಸುಲಭ, ಆದರೆ ಓದುವವರಿಗೆ ಅದರಿಂದ ಏನೂ ತಿಳಿಯಲ್ಲ. ಒಟ್ಟು ಖರ್ಚು 2,40,000. ನಾನು ಮದುವೆ ವಿಡಿಯೋ ಎಡಿಟ್ ಮಾಡಿ ಉಳಿಸಿದ್ದು 90,000. ಮೊದಲು ಇದನ್ನು ಬರೆಯೋಕೆ ಸಂಕೋಚ ಪಟ್ಟಿದ್ದೆ, ಆದರೆ ನನ್ನ ದುಡ್ಡೂ ಇದರಲ್ಲಿದೆ ಅಂತ ಗೊತ್ತಾದಮೇಲೆ ಕೇಳುವವರ ಮಾತಿನ ಧಾಟಿಯೇ ಬದಲಾಯ್ತು. ಖರ್ಚಿನ ಪೂರ್ತಿ ಪಟ್ಟಿ ಪೇಜಿನ ಕೆಳಗಡೆ ಹಾಕಿದೆ. ಮೇಲೆ ಎರಡೇ ಬಾಬ್ತು ಇಟ್ಟೆ.

ಚಿಕ್ಕಪ್ಪ ಒಂದು ಒಳ್ಳೆ ಪ್ರಶ್ನೆ ಕೇಳಿದರು: “ಲೂಸಿಯಾ ಥರ ದುಡ್ಡು ವಾಪಸ್ ಬರುತ್ತೇನೋ?” 2013ರಲ್ಲಿ ಬಂದ ಪವನ್ ಕುಮಾರ್ ಅವರ ‘ಲೂಸಿಯಾ’ ಜನ ಹಾಕಿದ ದುಡ್ಡಿನಿಂದಲೇ ಆದ ಸಿನಿಮಾ, ಕನ್ನಡದಲ್ಲಿ ಕ್ರೌಡ್‌ಫಂಡಿಂಗ್ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಅದೇ. ಆದರೆ ಅದು ಥಿಯೇಟರಿಗೆ ಬಂದು ಟಿಕೆಟ್ ಮಾರಿದ ಸಿನಿಮಾ. ಶಾರ್ಟ್ ಫಿಲ್ಮ್‌ಗೆ ಟಿಕೆಟ್ ಎಲ್ಲಿ? ವಾಪಸ್ ಬರಲ್ಲ ಅನ್ನೋದನ್ನು ಮೇಲೆಯೇ ಹೇಳದಿದ್ದರೆ ಆಮೇಲೆ ನೆಂಟರ ಮುಖ ನೋಡೋದು ಕಷ್ಟ, ಅಲ್ವಾ?

ಕೊನೆಗೆ ಉಳಿದದ್ದು ಇದು:

“ಸಂಜೆ ಐದಕ್ಕೆ ಆರನೇ ಕ್ಲಾಸಿನ ಹುಡುಗಿ ಊರ ಲೈಬ್ರರಿಯ ಹಾಜರಿ ಪುಸ್ತಕದಲ್ಲಿ ಎರಡು ಹೆಸರು ಬರೆಯುತ್ತಾಳೆ: ತನ್ನದು, ಓದು ಬಾರದ ತಾತನದು. ಆಮೇಲೆ ತಾತನಿಗೆ ಪೇಪರ್ ಓದಿ ಹೇಳುತ್ತಾಳೆ. ಇದು 18 ನಿಮಿಷದ ನಮ್ಮ ಸಿನಿಮಾ. ನಾನು ಬೆಂಗಳೂರಿನ ಎಡಿಟರ್, ಇದು ನನ್ನ ಮೊದಲ ನಿರ್ದೇಶನ. 90,000 ರೂಪಾಯಿ ನನ್ನ ಉಳಿತಾಯ. ಕ್ಯಾಮೆರಾ ಬಾಡಿಗೆ, ಸೌಂಡ್ ರೆಕಾರ್ಡಿಂಗ್ ಸೇರಿ ನಾಲ್ಕು ದಿನದ ಶೂಟಿಂಗ್‌ಗೆ ಇನ್ನು 1,50,000 ಬೇಕು. ಈ ದುಡ್ಡು ವಾಪಸ್ ಬರುವುದಿಲ್ಲ. ಸಿನಿಮಾದ ಮೊದಲ ಪ್ರದರ್ಶನ ಅದೇ ಲೈಬ್ರರಿಯಲ್ಲಿ, ನೀವೂ ಬನ್ನಿ.”

ಕೊನೆಯ ಸಾಲು ಸೇರಿಸೋಕೆ ಮುಂಚೆ ಅಕ್ಕನ ಒಪ್ಪಿಗೆ ಕೇಳಿದೆ. ಪ್ಯಾರಾ ಪೂರ್ತಿ ಕೇಳಿಸಿಕೊಂಡು, “ಐದಕ್ಕಲ್ಲ, ಸ್ಕೂಲು ಬಿಟ್ಟು ಮಕ್ಕಳು ಬರೋಷ್ಟರಲ್ಲಿ ಐದೂವರೆ ಆಗುತ್ತೆ” ಅಂದರು. ತಿದ್ದಿ, ಅವತ್ತು ರಾತ್ರಿಯೇ ಪೇಜ್ ಹಾಕಿದೆ.