ಬೇಕರಿ ಪ್ರಾಜೆಕ್ಟಿಗೆ ಎಕ್ಸಿಕ್ಯೂಟಿವ್ ಸಮ್ಮರಿ ಬರೆದದ್ದು ಹೀಗೆ

ಬಿಸಿನೆಸ್ ಪ್ಲ್ಯಾನಿನಲ್ಲಿ ಎಕ್ಸಿಕ್ಯೂಟಿವ್ ಸಮ್ಮರಿ, ಅಂದರೆ ಇಡೀ ಪ್ಲ್ಯಾನಿನ ಸಾರಾಂಶ, ಇರುವುದು ಮೊದಲ ಪುಟದಲ್ಲಿ. ಕಾಲೇಜಿನ ಪ್ರಾಜೆಕ್ಟಿಗೆ ನಾನು ಅದನ್ನು ಬರೆದದ್ದು ಮಾತ್ರ ಎಲ್ಲ ಮುಗಿದ ಮೇಲೆ. ಲೆಕ್ಕವೇ ಆಗದೆ ಸಮ್ಮರಿ ಬರೆಯಲು ಕೂತರೆ ‘ಗುಣಮಟ್ಟ’, ‘ಗ್ರಾಹಕರ ತೃಪ್ತಿ’ ಅಂತ ಸುಮ್ನೆ ಪುಟ ತುಂಬುತ್ತದೆ. ಅಂಥ ಮಾತು ಯಾವ ಅಂಗಡಿಗೂ ಒಪ್ಪುತ್ತದೆ, ಅಲ್ವಾ?

ಹಾಗಾಗಿ ಮೊದಲ ವಾಕ್ಯವನ್ನೇ ನೇರವಾಗಿ ಇಟ್ಟೆ: “ಬೆಳಿಗ್ಗೆ ಕೆಲಸಕ್ಕೆ ಹೊರಡುವವರಿಗೆ, ಅವರು ಹೋಗುವ ದಾರಿಯಲ್ಲೇ, 7 ಗಂಟೆಗೆ ಅಂದೇ ತಯಾರಿಸಿದ ಬ್ರೆಡ್ ಮಾರುವ ಸಣ್ಣ ಬೇಕರಿ ಇದು.” ಏನು, ಯಾರಿಗೆ, ಯಾವಾಗ ಎಂಬುದು ಅಲ್ಲೇ ಮುಗಿಯಿತು.

ಹೆಚ್ಚು ಹೊತ್ತು ಹಿಡಿದದ್ದು ಬ್ರೇಕ್ ಈವನ್, ಅಂದರೆ ಲಾಭವೂ ನಷ್ಟವೂ ಇಲ್ಲದಂತಾಗಲು ಎಷ್ಟು ಮಾರಬೇಕು ಎಂದು ಹೇಳುವ ವಾಕ್ಯ. ಒಂದು ಬ್ರೆಡ್ಡಿನ ಬೆಲೆಯನ್ನು 100 ಅಂತ ಇಟ್ಟುಕೊಂಡೆ. ಹಿಟ್ಟು, ಯೀಸ್ಟ್, ಬೆಣ್ಣೆ, ಪ್ಯಾಕಿಂಗ್ ಸೇರಿ 40 ಹೋಗುತ್ತದೆ, 60 ಉಳಿಯುತ್ತದೆ. ಬಾಡಿಗೆ, ಸಂಬಳ, ಕರೆಂಟು, ಸಾಲದ ಕಂತು ಇವು ದಿನಕ್ಕೆ 2,820. ಭಾಗಿಸಿದರೆ ದಿನಕ್ಕೆ 47 ಬ್ರೆಡ್ ಮಾರಿದರೆ ಸಾಕು ಅಂತ ಬರುತ್ತದೆ. ಪಠ್ಯಪುಸ್ತಕದ ಸೂತ್ರ ಇಷ್ಟೇ ಹೇಳುತ್ತದೆ.

ಆದರೆ ಆ ಸೂತ್ರ ತಯಾರಿಸಿದ್ದೆಲ್ಲ ಮಾರಾಟವಾಗುತ್ತದೆ ಅಂದುಕೊಳ್ಳುತ್ತದೆ. ಬೇಕರಿಯಲ್ಲಿ ಹಾಗಾಗುವುದಿಲ್ಲ. ನಮ್ಮ ಓವನ್ನಿನಲ್ಲಿ ಒಂದು ಸಲಕ್ಕೆ 24 ಬ್ರೆಡ್ ಹಿಡಿಸುತ್ತವೆ. ಎರಡು ಬ್ಯಾಚ್ ಅಂದರೆ 48, ಅಷ್ಟೂ ಮಾರಾಟವಾದರೂ ಲಾಭ ಬರೀ 60. ಮೂರು ಬ್ಯಾಚ್ ಹಾಕಲೇಬೇಕು. ಆಗ ಮಾರಿದರೂ ಬಿಟ್ಟರೂ 72 ಬ್ರೆಡ್ಡಿನ ಸಾಮಾನಿಗೆ 2,880 ಖರ್ಚು. ಅದಕ್ಕೆ 2,820 ಸೇರಿದರೆ 5,700. ಅಂದರೆ 57 ಮಾರಿದ ಮೇಲೆಯೇ ಲಾಭ ಶುರು. ದಿನಕ್ಕೆ 60 ಮಾರುತ್ತೇವೆ ಅಂದರೆ ಹಳೆಯ ಲೆಕ್ಕದಲ್ಲಿ 780 ಲಾಭ ಕಾಣುತ್ತದೆ, ನಿಜಕ್ಕೆ ಸಿಗುವುದು 300.

ಸಮ್ಮರಿಯಲ್ಲಿ ಈ ಲೆಕ್ಕವನ್ನೆಲ್ಲ ಹಾಕಲಿಲ್ಲ. “ದಿನಕ್ಕೆ 72 ಬ್ರೆಡ್ ತಯಾರಿಸಿ 60 ಮಾರುವ ಗುರಿ. ಉಳಿಯುವ ಬ್ರೆಡ್ಡಿನ ನಷ್ಟ ಸೇರಿಸಿ ಬ್ರೇಕ್ ಈವನ್ 57” ಎಂದಷ್ಟೇ ಬರೆದೆ. ಮೂರೇ ಬ್ರೆಡ್ಡಿನ ಅಂತರ ನೋಡುವವರಿಗೆ ತೀರಾ ಕಡಿಮೆ ಅನ್ನಿಸುತ್ತದೆ, ನಿಜ. ಅದಕ್ಕೇ ಮುಂದಿನ ಸಾಲಿನಲ್ಲೇ ಉಪಾಯವನ್ನೂ ಹೇಳಿದೆ: ಮೂರನೇ ಬ್ಯಾಚಿನ ಒಂದು ಪಾಲು ಮುಂಗಡ ಆರ್ಡರಿಗೆ, ಸಂಜೆ ಉಳಿದದ್ದು ಮರುದಿನ ರಸ್ಕಿಗೆ. ಕಡಿಮೆ ಅಂತರವನ್ನು ಮುಚ್ಚಿಟ್ಟರೆ ಓದುವವರು ಹಣಕಾಸಿನ ಪುಟದಲ್ಲಿ ಹೇಗೂ ಹಿಡಿಯುತ್ತಾರೆ.

ಕೊನೆಗೆ ಬೇಕಾದ ಬಂಡವಾಳ. ಓವನ್, ಮಿಕ್ಸರ್ ಜೊತೆಗೆ ಮಾರಾಟ 57ಕ್ಕೆ ಏರುವವರೆಗಿನ ಬಾಡಿಗೆ, ಸಂಬಳ, ಸಾಮಾನಿನ ದುಡ್ಡನ್ನೂ ಬೇರೆಯಾಗಿ ತೋರಿಸಿದೆ. ಸಣ್ಣ ಪ್ಲ್ಯಾನುಗಳಲ್ಲಿ ಜಾಸ್ತಿ ಬಿಟ್ಟುಹೋಗುವುದು ಇದೇ. ಆಮೇಲೆ ಸಮ್ಮರಿಯ ಪ್ರತಿ ಅಂಕಿಯ ಪಕ್ಕ, ಅದು ಒಳಗಿನ ಯಾವ ಪುಟದಿಂದ ಬಂತು ಅಂತ ಪೆನ್ಸಿಲ್ಲಿನಲ್ಲಿ ಬರೆದೆ. ಪುಟ ಸಿಗದ ಅಂಕಿಗಳನ್ನು ತೆಗೆದುಹಾಕಿದೆ.