ನಕ್ಷೆಯ ಸೆಂಟಿಮೀಟರನ್ನು ಕಿಲೋಮೀಟರ್ ಮಾಡುವುದು

ಮೊನ್ನೆ ಸರ್ವೆ ಆಫ್ ಇಂಡಿಯಾ ನಕ್ಷೆಯ ಝೆರಾಕ್ಸ್ ಹಿಡಿದು, ನಮ್ಮ ಮನೆಯಿಂದ ಮುಳ್ಳೇರಿಯ ಪೇಟೆಗೆ ಎಷ್ಟು ದೂರ ಅಂತ ಅಳೆದೆ. 4.8 ಕಿ.ಮೀ. ಬಂತು. ಬೈಕ್ ಮೀಟರ್ ನೋಡಿದರೆ ಹತ್ತಿರ ಹತ್ತಿರ 7!

ಲೆಕ್ಕ ತಪ್ಪಿರಲಿಲ್ಲ. ನಕ್ಷೆಯಲ್ಲಿ 1:50,000 ಅಂತ ಇದೆ, ಅಂದರೆ ಕಾಗದದ 1 ಸೆಂ.ಮೀ. ನೆಲದ ಮೇಲೆ 50,000 ಸೆಂ.ಮೀ. ಎರಡು ಸೊನ್ನೆ ತೆಗೆದರೆ 500 ಮೀಟರ್, ಅರ್ಧ ಕಿಲೋಮೀಟರ್. ನಮ್ಮ ಕಡೆ ರಸ್ತೆ ಗುಡ್ಡ ಸುತ್ತಿಕೊಂಡು ಹೋಗುತ್ತದೆ ಅಲ್ವಾ, ಹಾಗಾಗಿ ಸ್ಕೇಲ್ ಇಡದೆ ಹೊಲಿಗೆ ನೂಲನ್ನು ಒದ್ದೆ ಮಾಡಿ ತಿರುವು ತಿರುವಿಗೂ ಕೂರಿಸಿ, ಆಮೇಲೆ ಬಿಡಿಸಿ ಅಳೆದಿದ್ದೆ. 9.6 ಸೆಂ.ಮೀ. ಅದರ ಅರ್ಧ 4.8.

ತಪ್ಪು ಇದ್ದದ್ದು ಝೆರಾಕ್ಸ್‌ನಲ್ಲಿ. ಎ3 ಹಾಳೆಯನ್ನು ಎ4ಗೆ ಇಳಿಸಿದ್ದರು, ಉದ್ದವೆಲ್ಲ ಸುಮಾರು 71% ಆಗಿತ್ತು. ಚಿತ್ರ ಕುಗ್ಗಿದರೂ 1:50,000 ಅನ್ನೋ ಬರಹ ಹಾಗೇ ಇರುತ್ತದೆ, ಅದೇ ಮೋಸ.

ಅದಕ್ಕೆ ಮೊದಲು ನಕ್ಷೆಯ ಕೆಳಗಿರುವ ಅಳತೆ ಪಟ್ಟಿಗೆ ಸ್ಕೇಲ್ ಇಡಿ. ಅದೂ ಚಿತ್ರದ ಜೊತೆಗೇ ಕುಗ್ಗಿರುತ್ತದೆ. ಪಟ್ಟಿಯಲ್ಲಿ 2 ಕಿ.ಮೀ. ತೋರಿಸುವ ಭಾಗ 4 ಸೆಂ.ಮೀ. ಉದ್ದ ಇರಬೇಕಿತ್ತು, ನನ್ನದರಲ್ಲಿ ಬರೀ 2.8 ಇತ್ತು. ಹಾಗಿದ್ದಾಗ ಅನುಪಾತ ಬಿಟ್ಟುಬಿಡಿ. 9.6ನ್ನು 2.8ರಿಂದ ಭಾಗಿಸಿ 2ರಿಂದ ಗುಣಿಸಿದರೆ ಸುಮಾರು 6.9 ಕಿ.ಮೀ.

ಮೊಬೈಲಿನಿಂದ ಪ್ರಿಂಟ್ ತೆಗೆಯುವಾಗಲೂ ಇದೇ ಕಥೆ, ಹಾಳೆಗೆ ಹೊಂದಿಸು ಅನ್ನೋ ಆಯ್ಕೆ ಸದ್ದಿಲ್ಲದೆ ಅಳತೆ ಬದಲಿಸುತ್ತದೆ. ಇನ್ನು ಚಿಕ್ಕ ಚಿಕ್ಕ ತಿರುವು ನಕ್ಷೆಯಲ್ಲಿ ಮೂಡುವುದಿಲ್ಲ, ಏರಿಳಿತವೂ ಲೆಕ್ಕಕ್ಕಿಲ್ಲ. ನಡೆದು ಹೋಗುವಾಗ ಸ್ವಲ್ಪ ಜಾಸ್ತಿಯೇ ಆಗುತ್ತದೆ.