ಲಗ್ನಪತ್ರಿಕೆಯಲ್ಲಿ ನಗೆಗೊಂದು ಜಾಗ

ತಂಗಿಯ ಮದುವೆ ನಿಶ್ಚಯವಾಗಿ ಮೂರು ವಾರ ಕಳೆದಿರಬೇಕು, ದೊಡ್ಡಪ್ಪನಿಂದ ಫೋನ್ ಬಂತು. "ಮೊಬೈಲಿಗೆ ಒಂದು ಪತ್ರಿಕೆ ಬಂದಿದೆ. ಫೋಟೋ ನೋಡಿದರೆ ನಮ್ಮ ಹುಡುಗಿಯ ಹಾಗೆಯೇ ಇದ್ದಾಳೆ. ಆದರೆ ಕರೆಯುವವರು ಯಾರು ಎಂದು ಎಲ್ಲೂ ಇಲ್ಲವಲ್ಲಮ್ಮ?" ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಲಭವಾಗುತ್ತಿತ್ತು.

ನಡೆದದ್ದು ಇಷ್ಟು. ತಂಗಿ ಗೆಳತಿಯರಿಗೆಂದು ಒಂದು ಪತ್ರಿಕೆ ಮಾಡಿ ಕಳಿಸಿದ್ದಳು. "ಕೊನೆಗೂ ಒಪ್ಪಿದಳು! ಊಟ ಉಚಿತ, ಮನರಂಜನೆ ಉಚಿತ. ಬರದಿದ್ದರೆ ನಷ್ಟ ನಿಮಗೇ" ಎಂದು ಬರೆದು, ಕೆಳಗೆ ಇಬ್ಬರ ಅಡ್ಡಹೆಸರು, ದಿನಾಂಕ ಹಾಕಿದ್ದಳು. ಯಾರೋ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ದಾಟಿಸಿದರು. ಗೆಳೆಯರಿಗೊಂದು, ಹಿರಿಯರಿಗೊಂದು ಎಂದು ಎರಡು ಪತ್ರಿಕೆ ಮಾಡುವ ಉಪಾಯ ಅಂದೇ ನನ್ನ ತಲೆಯಿಂದ ಹೋಯಿತು. ಮೊಬೈಲಿಗೆ ಹೋದದ್ದು ಯಾರ ಕೈಗೂ ಹೋಗುತ್ತದೆ. ಇರುವುದು ಒಂದೇ ಪತ್ರಿಕೆ, ಅದನ್ನು ಅಜ್ಜಿಯೂ ಓದಬೇಕು, ತಂಗಿಯ ಕಚೇರಿಯವರೂ ಓದಬೇಕು ಎಂದು ತೀರ್ಮಾನವಾಯಿತು. ಬರೆಯುವ ಕೆಲಸ, ಮನೆಯ ಹಿರಿಮಗಳಾದ್ದರಿಂದ, ನನ್ನ ತಲೆಗೆ ಬಂತು.

ದೊಡ್ಡಪ್ಪನ ಪ್ರಶ್ನೆಯನ್ನೇ ಹಿಡಿದುಕೊಂಡು ಕುಳಿತೆ. ಮನೆಯ ಬೀರುವಿನಲ್ಲಿದ್ದ ಹಳೆಯ ಪತ್ರಿಕೆಗಳನ್ನೆಲ್ಲ ಹರಡಿಕೊಂಡು, ಒಂದೊಂದು ಸಾಲನ್ನೂ ಯಾರು ಹೇಳುತ್ತಿದ್ದಾರೆ ಎಂದು ನೋಡುತ್ತ ಹೋದೆ. ಮೇಲೆ ಮನೆದೇವರ ಹೆಸರು ಮತ್ತು "ಪ್ರಸನ್ನ". ಆಮೇಲೆ "ಮಾನ್ಯರೇ" ಎಂದು ಶುರುವಾಗಿ "ಆಶೀರ್ವದಿಸಬೇಕಾಗಿ ಕೋರುವ" ಎಂಬಲ್ಲಿಗೆ ಬಂದು ನಿಲ್ಲುವ ಒಂದೇ ಒಂದು ಉದ್ದನೆಯ ವಾಕ್ಯ. ಆ ವಾಕ್ಯವನ್ನು ಆಡುವವರು ಅಪ್ಪ ಅಮ್ಮ. "ಕೋರುವ" ಎಂಬ ಪದದ ಕೆಳಗೆ ಅವರ ಹೆಸರು ಬಂದಾಗಲೇ ವಾಕ್ಯ ಪೂರ್ತಿಯಾಗುವುದು. ಅವರ ಬಾಯಲ್ಲಿ "ಊಟ ಉಚಿತ" ಎಂಬ ಮಾತನ್ನಿಟ್ಟರೆ ತಮಾಷೆ ಹುಟ್ಟುವುದಿಲ್ಲ, ಮುಜುಗರ ಹುಟ್ಟುತ್ತದೆ. ಮನೆಗೆ ಕರೆದು ಬಡಿಸುವವರು ಬೆಲೆಯ ಮಾತೆತ್ತುವುದುಂಟೇ?

ಆದರೆ ಅದೇ ಪತ್ರಿಕೆಗಳ ಕೆಳಗಿನ ಅಂಚಿನಲ್ಲಿ, ಬಂಧುಮಿತ್ರರ ಹೆಸರುಗಳ ಹತ್ತಿರ, ಇನ್ನೊಂದು ದನಿ ಇತ್ತು. "ನಮ್ಮ ಮಾವನ ಮದುವೆಗೆ ತಪ್ಪದೇ ಬನ್ನಿ" ಎಂದು ಮಕ್ಕಳು ಕರೆಯುವ ಸಾಲು. ನನ್ನದೇ ಹೆಸರು ಐದನೆಯ ವಯಸ್ಸಿನಲ್ಲಿ ಅಂಥದೊಂದು ಸಾಲಿನ ಕೆಳಗೆ ಅಚ್ಚಾಗಿತ್ತು. ಲಗ್ನಪತ್ರಿಕೆಯಲ್ಲಿ ನಗೆಗೆ ಜಾಗ ಬೇಕೆಂದು ಹೊಸದಾಗಿ ಗೋಡೆ ಒಡೆಯಬೇಕಾಗಿಯೇ ಇರಲಿಲ್ಲ. ಬಾಗಿಲು ಮೊದಲಿನಿಂದಲೂ ಅಲ್ಲೇ ಇತ್ತು, ಎಲ್ಲರೂ "ತಪ್ಪದೇ ಬನ್ನಿ" ಎಂಬ ಒಂದೇ ಮಾತನ್ನು ಅಚ್ಚು ಹಾಕಿಸಿ ಸುಮ್ಮನಾಗುತ್ತಿದ್ದರು. ತಂಗಿಗೆ ಹೇಳಿದೆ: ಮೇಲಿನದು ಅಪ್ಪ ಅಮ್ಮನ ಮಾತು, ಅದನ್ನು ಮುಟ್ಟುವುದಿಲ್ಲ, ಕೆಳಗಿನದು ನನ್ನ ಇಬ್ಬರು ಮಕ್ಕಳ ಮಾತು, ಅಲ್ಲಿ ಏನು ಬೇಕಾದರೂ ಆಡೋಣ.

"ಏನು ಬೇಕಾದರೂ" ಎಂದದ್ದು ಸ್ವಲ್ಪ ಆತುರವಾಯಿತು. ಮೊದಲು ಬರೆದದ್ದು: "ನಮ್ಮ ಚಿಕ್ಕಮ್ಮನ ಮದುವೆಗೆ ಹೋಳಿಗೆ ಮುಗಿಯುವುದರೊಳಗೆ ಬನ್ನಿ." ಮನೆಯಲ್ಲಿ ಎಲ್ಲರೂ ನಕ್ಕರು, ಅಜ್ಜಿಯೊಬ್ಬರನ್ನು ಬಿಟ್ಟು. "ಮದುವೆಯ ಮನೆಯಲ್ಲಿ ಅನ್ನ ಮುಗಿಯಿತು ಎನ್ನುತ್ತಾರೇನೇ? ದೀಪವನ್ನೂ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ" ಎಂದರು. ಅವರ ಮಾತಿನ ಮೇಲೆ ಇಡೀ ಕರಡನ್ನು ಮತ್ತೆ ಓದಿದಾಗ ಅಂಥ ಪದಗಳು ಒಂದೊಂದಾಗಿ ಎದ್ದು ಕಂಡವು. "ಕೊನೆಗೂ ಒಪ್ಪಿದಳು" ಎಂಬುದರಲ್ಲಿ ಕೊನೆ ಇತ್ತು, ಅದಕ್ಕಿಂತ ಹೆಚ್ಚಾಗಿ ಹುಡುಗನ ತಾಯಿಯ ಕಿವಿಗೆ ಅದು "ಎಷ್ಟೋ ಬೇಡಿಕೊಂಡ ಮೇಲೆ" ಎಂದು ಕೇಳಿಸುವಂತಿತ್ತು. "ಉಡುಗೊರೆ ಬೇಡ" ಎಂಬಲ್ಲಿ "ಬೇಡ" ಇತ್ತು. "ಆಶೀರ್ವಾದವೇ ಉಡುಗೊರೆ" ಎಂಬ ರೂಢಿಯ ಮಾತು ಸವೆದು ಹೋಗಿದ್ದರೂ ಅದೇ ಕಾರಣಕ್ಕೆ ಉಳಿದಿದೆ ಎಂದು ಆಗ ಹೊಳೆಯಿತು. ನಾನು ಇಂಥ ನಂಬಿಕೆಗಳನ್ನು ಅಷ್ಟಾಗಿ ಹಚ್ಚಿಕೊಂಡವಳಲ್ಲ. ಆದರೂ ಪತ್ರಿಕೆ ಓದುವವರಲ್ಲಿ ಅರ್ಧ ಜನ ಹಚ್ಚಿಕೊಂಡವರು, ಅವರನ್ನು ನೋಯಿಸಿ ಉಳಿದರ್ಧವನ್ನು ನಗಿಸುವುದರಲ್ಲಿ ಜಾಣತನವೇನೂ ಇಲ್ಲ.

ಹೋಳಿಗೆಯನ್ನು ಬಿಡಲು ಮಕ್ಕಳು ಒಪ್ಪಲಿಲ್ಲ. ಸಾಲು ನಾಲ್ಕೈದು ಸಲ ಹೊರಳಿ ಹೀಗಾಯಿತು: "ನಮ್ಮ ಚಿಕ್ಕಮ್ಮನ ಮದುವೆ. ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೆ ನಾವು ಎಲೆಯ ಮುಂದೆ ಇರುತ್ತೇವೆ. ಪಕ್ಕದ ಎಲೆ ನಿಮ್ಮದು." ಅಜ್ಜಿ ಎರಡು ಸಲ ಓದಿಸಿಕೊಂಡು, "ಇದು ಕರೆದ ಹಾಗಿದೆ" ಎಂದರು.

ನಿಜವಾದ ತಲೆನೋವು ತಮಾಷೆಯದಾಗಿರಲಿಲ್ಲ, ದಿನಾಂಕದ್ದು. ಮುಹೂರ್ತ ಸಿಕ್ಕಿದ್ದು ಬೆಳಗಿನ ಜಾವ. ಪುರೋಹಿತರು ಬರೆದುಕೊಟ್ಟ ಚೀಟಿಯಲ್ಲಿ "ಕ್ರೋಧಿ ನಾಮ ಸಂವತ್ಸರದ ಮಾಘ ಶುಕ್ಲ ಪಂಚಮಿ, ಭಾನುವಾರ, ಉಷಃಕಾಲ 4.30ರಿಂದ 5.15ರ ವರೆಗೆ ಸಲ್ಲುವ ಧನುರ್ಲಗ್ನ" ಎಂದಿತ್ತು. (ಸಂವತ್ಸರದ ಹೆಸರು ಕ್ರೋಧಿ ಎಂದು ಮದುವೆಯಾಗುವ ಹುಡುಗ ಮುಸಿಮುಸಿ ನಕ್ಕದ್ದು ನಿಜ. ಅಚ್ಚಿಗೆ ಹೋಗದಿದ್ದರೂ ಇಡೀ ಪತ್ರಿಕೆಯಲ್ಲಿ ಅದಕ್ಕಿಂತ ಒಳ್ಳೆಯ ತಮಾಷೆ ಇರಲಿಲ್ಲ.) ನಾನು ಕ್ಯಾಲೆಂಡರ್ ನೋಡಿ, 2025ರ ಫೆಬ್ರವರಿ 2 ಭಾನುವಾರ ಎಂದುಕೊಂಡು, "ಫೆಬ್ರವರಿ 2, ಭಾನುವಾರ, ಬೆಳಗಿನ ಜಾವ 4.30" ಎಂದು ಬರೆದುಬಿಟ್ಟೆ.

ಅಪ್ಪ ಹಿಡಿದರು. ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ, ನಡುರಾತ್ರಿ 12ಕ್ಕಲ್ಲ. ಪುರೋಹಿತರ ಭಾನುವಾರ ಸೋಮವಾರದ ಸೂರ್ಯ ಹುಟ್ಟುವ ತನಕ ಭಾನುವಾರವೇ. ಅವರು ಹೇಳಿದ 4.30 ನಮ್ಮ ಗಡಿಯಾರದ ಲೆಕ್ಕದಲ್ಲಿ 3ನೇ ತಾರೀಕು, ಸೋಮವಾರ. ನಾನು ಬರೆದದ್ದು ಹಾಗೆಯೇ ಅಚ್ಚಾಗಿದ್ದರೆ ನೆಂಟರು ಒಂದು ದಿನ ಮೊದಲೇ, ಚಪ್ಪರ ಹಾಕುವವರ ಜೊತೆಗೆ ಬಂದಿಳಿಯುತ್ತಿದ್ದರು. ಇದಕ್ಕೂ ಹಳೆಯ ಪತ್ರಿಕೆಗಳಲ್ಲೇ ಮಾತು ಸಿಕ್ಕಿತು. "2ನೇ ಭಾನುವಾರ ರಾತ್ರಿ ಕಳೆದು, ಬೆಳಗಾದರೆ ಸೋಮವಾರ, 3ರ ಬೆಳಗಿನ ಜಾವ 4.30ರಿಂದ 5.15ರ ವರೆಗೆ" ಎಂದು ಬರೆದೆ. ಪಂಚಾಂಗ ನೋಡುವವರಿಗೂ ಸರಿ, ಮೊಬೈಲ್ ನೋಡುವವರಿಗೂ ಸರಿ.

ಅಷ್ಟು ಸಾಲದೆಂದು, ಅಪ್ಪ ಅಮ್ಮನ ಹೆಸರಿನ ಕೆಳಗೆ ಒಂದು ಗೆರೆ ಎಳೆಸಿ, ವಿವರಗಳನ್ನು ಮಾತ್ರ ಒಂದರ ಕೆಳಗೊಂದು ದಪ್ಪ ಅಕ್ಷರದಲ್ಲಿ ಹಾಕಿಸಿದೆ:

ಆರತಕ್ಷತೆ: ಫೆಬ್ರವರಿ 2, ಭಾನುವಾರ ಸಂಜೆ 6.30ರಿಂದ
ಧಾರೆ: ಫೆಬ್ರವರಿ 3, ಸೋಮವಾರ ಬೆಳಗಿನ ಜಾವ 4.30ರಿಂದ 5.15
ಊಟ: ಸೋಮವಾರ ಬೆಳಿಗ್ಗೆ 11.30ರಿಂದ
ಭಾನುವಾರ ರಾತ್ರಿ ಮಂಟಪದಲ್ಲೇ ತಂಗುವವರು ತಿಳಿಸಬೇಕಾದ ಸಂಖ್ಯೆ

ಈ ನಾಲ್ಕು ಸಾಲುಗಳಲ್ಲಿ ಒಂದು ನಗೆಯ ಪದವೂ ಇರಬಾರದೆಂದು ಹಟ ಹಿಡಿದೆ. ತಂಗಿ "ಧಾರೆ: ಕೋಳಿ ಏಳುವುದಕ್ಕೂ ಮುಂಚೆ" ಎಂದು ಬರೆಯೋಣ ಎಂದಳು. ಚೆನ್ನಾಗಿತ್ತು. ಆದರೆ ಗಡಿಬಿಡಿಯಲ್ಲಿ ಬಸ್ ಹಿಡಿಯುವವರು ಪತ್ರಿಕೆಯನ್ನು ಓದುವುದಿಲ್ಲ, ಅದರಲ್ಲಿ ಹುಡುಕುತ್ತಾರೆ. ಹುಡುಕುವವರಿಗೆ ಸಿಗಬೇಕಾದದ್ದು ಅಂಕಿ. ನಾನು ಹೀಗೆ ಪರೀಕ್ಷಿಸಿದೆ: ಮಕ್ಕಳ ಸಾಲುಗಳನ್ನೆಲ್ಲ ಕೈಯಿಂದ ಮುಚ್ಚಿ ಓದಿದೆ. ಯಾವ ವಿವರವೂ ತಪ್ಪಿಹೋಗಲಿಲ್ಲ. ಕೋಳಿಯನ್ನು ಮಕ್ಕಳಿಗೆ ಕೊಟ್ಟೆ. ಅವರ ಎರಡನೆಯ ಸಾಲು ಹೀಗಾಯಿತು: "ಚಿಕ್ಕಮ್ಮ ಕೋಳಿಗಿಂತ ಮೊದಲು ಎದ್ದಿರುವುದನ್ನು ನೋಡಬೇಕೆಂದರೆ ಧಾರೆಗೇ ಬನ್ನಿ. ಕಾಫಿ ಕೊಡುವವರು ನಾವು." ಧಾರೆಯ ವೇಳೆ ಮೇಲೆ ಆಗಲೇ ಇದ್ದುದರಿಂದ ಇಲ್ಲಿ ಆಟವಾಡಲು ಅಡ್ಡಿಯಿರಲಿಲ್ಲ.

ಹುಡುಗನ ಮನೆಯವರಿಗೆ ಕರಡನ್ನು ಕಳಿಸದೆ, ಅಪ್ಪ ಮತ್ತು ನಾನು ಕೈಯಲ್ಲೇ ಹಿಡಿದುಕೊಂಡು ಹೋದೆವು. ತೀರಿಕೊಂಡ ತಾತನ ಹೆಸರು ಕರೆಯುವವರ ಸಾಲಿನಲ್ಲಿ ಬರುವಂತಿಲ್ಲ. "ದಿ॥" ಸೇರಿಸಿ "ಇವರ ಮೊಮ್ಮಗ" ಎಂದು ವರನ ಹೆಸರಿನ ಮೇಲೆ ಬರಬೇಕು. ಅದನ್ನು ಹಾಗೆಯೇ ಬರೆದಿದ್ದೆ. ಹುಡುಗನ ತಾಯಿ ಮೊದಲು ನೋಡಿದ್ದು ಅದನ್ನೇ. ಆಮೇಲೆ ಮಕ್ಕಳ ಸಾಲಿಗೆ ಬಂದು, "ನಮ್ಮ ಕಡೆಯ ಮಕ್ಕಳು ಏನು ಪಾಪ ಮಾಡಿದ್ದಾರೆ?" ಎಂದು ಕೇಳಿದರು. ಅದು ನನಗೆ ಹೊಳೆದೇ ಇರಲಿಲ್ಲ. ಅಲ್ಲೇ ಕುಳಿತು ಅವರ ಮೊಮ್ಮಗಳ ಹೆಸರಿನಲ್ಲಿ ಒಂದು ಸಾಲು ಬರೆದೆವು: "ನಮ್ಮ ಮಾವ ಮದುವೆಗೆ ಗಡ್ಡ ತೆಗೆಯುತ್ತಾರಂತೆ. ಸಾಕ್ಷಿಗೆ ನೀವೂ ಬನ್ನಿ." ಬರೆದವರು ಅವರ ಮನೆಯವರೇ ಆದ್ದರಿಂದ ಯಾರಿಗೂ ಚುಚ್ಚಲಿಲ್ಲ. ಅದೇ ಸಾಲನ್ನು ನಾವು ಬರೆದಿದ್ದರೆ ವರನನ್ನು ಆಡಿಕೊಂಡಂತಾಗುತ್ತಿತ್ತು.

ನಾನು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ಮುದ್ರಣಾಲಯದವರು ತಮ್ಮ ಹಳೆಯ ಫಾಂಟಿನಲ್ಲಿ ಹೊಸದಾಗಿ ಟೈಪ್ ಮಾಡಿದರು. ಕರಡಚ್ಚು ಬಂತು. ಹೆಸರು, ತಾರೀಕು, ಸಂಖ್ಯೆ ಎಲ್ಲ ಸರಿಯಾಗಿತ್ತು. ಸಹಿ ಹಾಕುವ ಹೊತ್ತಿಗೆ ಹತ್ತು ವರ್ಷದ ಮಗಳು ತನ್ನ ಸಾಲನ್ನು ಗಟ್ಟಿಯಾಗಿ ಓದಿದಳು: "ಹೋಳಿಗೆಗೆ ತಪ್ಪು ಬಡಿಸುವ ಹೊತ್ತಿಗೆ." ಒಂದು ಕೊಂಬು ತ ಅಕ್ಷರದಿಂದ ಪಕ್ಕದ ಪ್ಪ ಅಕ್ಷರಕ್ಕೆ ಜಿಗಿದಿತ್ತು. ಬರೆದವರ ಕಣ್ಣು ತಪ್ಪನ್ನೂ ತುಪ್ಪವೆಂದೇ ಓದುತ್ತದೆ, ಅಲ್ಲಿಯ ತನಕ ಕೈ ಹಾಕದವರಿಂದ ಗಟ್ಟಿಯಾಗಿ ಓದಿಸಬೇಕು.

ಒಂದನ್ನು ಮಾತ್ರ ಯಾರೂ ಹಿಡಿಯಲಿಲ್ಲ. ಮಂಟಪದ ದಾರಿ ತೋರಿಸುವ ಕ್ಯೂಆರ್ ಚೌಕವನ್ನು ಚೆಂದ ಕಾಣುತ್ತದೆಂದು ಎಡಗಡೆಯ ಕೆಳಮೂಲೆಗೆ ಹಾಕಿಸಿದ್ದೆ. ಪತ್ರಿಕೆಗಳು ಮನೆಗೆ ಬಂದ ದಿನ ಅಮ್ಮ ಮತ್ತು ಅಜ್ಜಿ ಕುಳಿತು ಒಂದೊಂದರ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದರು. ಕ್ಯೂಆರ್ ಚೌಕದ ಮೂರು ಮೂಲೆಗಳಲ್ಲಿ ಇರುವ ದಪ್ಪ ಚೌಕಗಳನ್ನು ನೋಡಿಯೇ ಮೊಬೈಲ್ ಅದನ್ನು ಗುರುತಿಸುವುದು. ಅವುಗಳಲ್ಲಿ ಒಂದು ಕುಂಕುಮದಡಿ ಮುಚ್ಚಿಹೋಗಿತ್ತು. ನನಗೆ ಗೊತ್ತಾಗುವ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಪತ್ರಿಕೆಗಳು ಮಂಗಳಕರವಾಗಿ ಕೆಟ್ಟಿದ್ದವು. ವಿಳಾಸದ ಕೆಳಗೆ "ಬಸ್ ನಿಲ್ದಾಣದಿಂದ ಕೆರೆ ಏರಿಯ ದಾರಿ, ಪೆಟ್ರೋಲ್ ಬಂಕ್ ದಾಟಿ ಎಡಕ್ಕೆ" ಎಂದು ಅಪ್ಪನ ಒತ್ತಾಯಕ್ಕೆ ಬರೆದಿದ್ದ ಸಾಲು ಕಾಪಾಡಿತು. ಈಗ ಯಾರಾದರೂ ಪತ್ರಿಕೆ ಬರೆದುಕೊಡಿ ಎಂದು ಬಂದರೆ ನಾನು ಮೊದಲು ನಾಲ್ಕು ಮೂಲೆಗಳನ್ನು ಖಾಲಿ ಬಿಡಿಸುತ್ತೇನೆ.

ಸೋಮವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಮೊದಲು ಬಂದವರು ದೊಡ್ಡಪ್ಪ. ಶಾಲಿನೊಳಗಿನಿಂದ ಪತ್ರಿಕೆ ತೆಗೆದು, ಮಕ್ಕಳ ಸಾಲಿನ ಮೇಲೆ ಬೆರಳಿಟ್ಟು, "ಇವರೆಲ್ಲಿ? ಕಾಫಿ ಎಂದಿದ್ದಾರೆ" ಎಂದರು. ಕರೆದವರಿಬ್ಬರೂ ಜಮಖಾನದ ಮೇಲೆ ಒಬ್ಬರ ಮೇಲೊಬ್ಬರು ಕಾಲು ಹಾಕಿಕೊಂಡು ನಿದ್ದೆಯಲ್ಲಿದ್ದರು. ಕಾಫಿ ನಾನೇ ತಂದುಕೊಟ್ಟೆ.